ಡಬ್ಬಿಯ ಮುಚ್ಚಳ ಟಕ್ ಎಂದರೆ: ಮೀನು, ಕಾಳು, ತರಕಾರಿ ಡಬ್ಬಿಗಳ ದೋಷ ಹುಡುಕುವ ಬಗೆ

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೈತಖೋಲ ಬಂದರಿನಲ್ಲಿ ಯಾಂತ್ರಿಕ ದೋಣಿಗಳು ಸಾಲಾಗಿ ನಿಂತಿರುತ್ತವೆ. ಆ ಎರಡು ತಿಂಗಳು ಕಾರವಾರದ ಅಡುಗೆಮನೆಗಳಲ್ಲಿ ಒಣಮೀನು ಇದ್ದೇ ಇರುತ್ತದೆ. ಈಗೀಗ ಅದರ ಪಕ್ಕದಲ್ಲಿ ಟ್ಯೂನಾ, ತಾರ್ಲೆ, ಬಂಗಡೆಯ ತಗಡಿನ ಡಬ್ಬಿಗಳೂ ಬಂದು ಕೂತಿವೆ. ಕೋಡಿಬಾಗದಲ್ಲಿ ನಾನು ನಡೆಸುವ ಸಣ್ಣ ಊಟದ ಮನೆಯಲ್ಲೂ ಮಳೆಗಾಲಕ್ಕೆ ಒಂದಷ್ಟು ಡಬ್ಬಿ ತಂದಿಡುತ್ತೇನೆ. ಮದುವೆಗೆ ಮೊದಲು ಆರು ವರ್ಷ ನಾನು ಮೀನಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಮುಚ್ಚಳ ಹಾಕುವ ವಿಭಾಗದಲ್ಲಿದ್ದೆ. ಅಲ್ಲಿ ಕಲಿತದ್ದನ್ನು ಕಳೆದ ಜುಲೈನಲ್ಲಿ ನನ್ನ ನಾದಿನಿಗೆ ಫೋನಿನಲ್ಲಿ ಒಂದೊಂದಾಗಿ ಹೇಳಬೇಕಾಯಿತು. ಆ ಒಂದು ಡಬ್ಬಿಯನ್ನೇ ಹಿಡಿದು ಇಲ್ಲಿ ಬರೆಯುತ್ತಿದ್ದೇನೆ.

ದೋಷ ಕಂಡದ್ದು ಹೀಗೆ

ನಾನು ಇಲ್ಲಿನ ಒಂದು ಅಂಗಡಿಯಿಂದ ಎಣ್ಣೆಯಲ್ಲಿಟ್ಟ ಟ್ಯೂನಾದ ಆರು ಡಬ್ಬಿ ತಂದಿದ್ದೆ. ಎಲ್ಲದರ ಬ್ಯಾಚ್ ಸಂಖ್ಯೆಯೂ ಒಂದೇ. ನಾದಿನಿ ಶಿರಸಿಗೆ ಹೊರಟಾಗ ಮೂರನ್ನು ಅವಳಿಗೆ ಕೊಟ್ಟು ಕಳಿಸಿದೆ. ಅವಳು ಕುಮಟಾ ದಾಟಿ, ದೇವಿಮನೆ ಘಾಟಿ ಹತ್ತಿ ಮನೆ ಸೇರಿದಳು. ಮರುದಿನ ಸಂಜೆ ಅವಳ ಫೋನು ಬಂತು.

"ವೈನಿ, ಒಂದು ಡಬ್ಬಿ ಟಕ್ ಟಕ್ ಅಂತದೆ. ಒತ್ತಿದ್ರೆ ಒಳಗೆ ಹೋಗ್ತದೆ, ಬಿಟ್ರೆ ಮತ್ತೆ ಹೊರಗೆ ಬರ್ತದೆ. ಅಲ್ಲಿ ನಾನೇ ನೋಡಿ ಚೀಲಕ್ಕೆ ಹಾಕಿದ್ದೆ, ಸರಿಯಾಗೇ ಇತ್ತು."

ಅವಳು ಹೇಳಿದ್ದು ನಿಜ. ಕಾರವಾರದಲ್ಲಿ ಆ ಡಬ್ಬಿ ನೋಡಲು ಸರಿಯಾಗೇ ಇತ್ತು. ಅದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಡಬ್ಬಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಮುಚ್ಚಳ ಏಕೆ ಒಳಕ್ಕೆ ತಗ್ಗಿರುತ್ತದೆ

ಮೀನಾಗಲಿ, ರಾಜ್ಮಾ ಆಗಲಿ, ಬಟಾಣಿಯಾಗಲಿ, ಡಬ್ಬಿಗೆ ತುಂಬಿದ ಮೇಲೆ ಒಳಗಿನ ಗಾಳಿಯನ್ನು ಬಿಸಿಯಿಂದಲೋ ಹಬೆಯಿಂದಲೋ ಹೊರಗೋಡಿಸಿ ಮುಚ್ಚಳ ಬಿಗಿಯುತ್ತಾರೆ. ಆಮೇಲೆ ದೊಡ್ಡ ಒತ್ತಡದ ಪಾತ್ರೆಯಲ್ಲಿಟ್ಟು ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ತಣ್ಣಗಾದಾಗ ಒಳಗಿನ ಹಬೆ ನೀರಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒಳಕ್ಕೆ ಅದುಮಿ ಹಿಡಿಯುತ್ತದೆ. ಒಳ್ಳೆಯ ಡಬ್ಬಿಯ ಎರಡೂ ತುದಿ ಸ್ವಲ್ಪ ಒಳಕ್ಕೆ ತಗ್ಗಿ ಬಿಗಿಯಾಗಿ ನಿಂತಿರುವುದು ಈ ಒಳಗಿನ ಎಳೆತದಿಂದಲೇ.

ಮುಚ್ಚಳದ ಅಂಚನ್ನು ನೋಡಿ. ಅಲ್ಲಿ ಮುಚ್ಚಳದ ತಗಡು ಮತ್ತು ಡಬ್ಬಿಯ ತಗಡು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಸುತ್ತಿಕೊಂಡಿರುತ್ತವೆ. ಐದು ಪದರ ತಗಡು, ನಡುವೆ ತೆಳ್ಳಗೆ ರಬ್ಬರಿನಂಥ ಅಂಟು. ಕಾರ್ಖಾನೆಯಲ್ಲಿ ನಾವು ಇದನ್ನು ಡಬಲ್ ಸೀಮ್ ಎನ್ನುತ್ತಿದ್ದೆವು. ಡಬ್ಬಿಯ ಜೀವ ಇರುವುದು ಇಲ್ಲಿ. ಹೊಟ್ಟೆಯ ಭಾಗದ ತಗಡು ಸ್ವಲ್ಪ ನೆಗ್ಗಿದರೆ ಅದು ಬರಿಯ ತಗಡಿನ ನೆಗ್ಗು. ಈ ಅಂಚಿಗೆ ಪೆಟ್ಟು ಬಿದ್ದರೆ ಕೊಕ್ಕೆ ಸಡಿಲವಾಗುತ್ತದೆ, ಕಣ್ಣಿಗೆ ಕಾಣದ ಸೀಳು ಬಿಡುತ್ತದೆ. ಆ ಸೀಳಿನಿಂದ ಗಾಳಿ ಒಳಗೆ ಹೋಗುತ್ತದೆ, ಗಾಳಿ ಹೋಗುವ ದಾರಿಯಲ್ಲಿ ಸೂಕ್ಷ್ಮಜೀವಿಯೂ ಹೋಗಬಹುದು.

ಹಾಗಾಗಿ ನೆಗ್ಗು, ಉಬ್ಬು, ತುಕ್ಕು ಎಂದು ನಾವು ಬೇರೆ ಬೇರೆಯಾಗಿ ಹೇಳುವುದೆಲ್ಲ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಒಳಗಿನ ಎಳೆತ ಹಾಗೇ ಉಳಿದಿದೆಯೋ, ಹೋಗಿದೆಯೋ?

ಘಾಟಿ ಹತ್ತಿದಾಗ ಆದದ್ದು

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಾರವಾರದಲ್ಲಿ ಇರುವುದಕ್ಕಿಂತ ನೂರಕ್ಕೆ ಏಳರಷ್ಟು ಕಡಿಮೆ. ಒಳಗೆ ಚೆನ್ನಾಗಿ ಎಳೆತ ಇರುವ ಡಬ್ಬಿಗೆ ಇದು ಲೆಕ್ಕಕ್ಕೇ ಇಲ್ಲ, ಮುಚ್ಚಳ ಒಳಗೇ ಇರುತ್ತದೆ. ಎಳೆತ ಆಗಲೇ ಹೋಗಿರುವ ಡಬ್ಬಿ ಮಾತ್ರ ಕಾರವಾರದಲ್ಲಿ ಚಪ್ಪಟೆಯಾಗಿ ಕೂತಿದ್ದು ಮೇಲೆ ಹೋದ ಕೂಡಲೇ ಹೊರಕ್ಕೆ ಪುಟಿಯುತ್ತದೆ. ನಾದಿನಿಯ ಡಬ್ಬಿ ದಾರಿಯಲ್ಲಿ ಕೆಟ್ಟದ್ದಲ್ಲ. ಇಲ್ಲಿಂದ ಹೊರಡುವಾಗಲೇ ಅದರಲ್ಲಿ ದೋಷವಿತ್ತು, ಘಾಟಿ ಅದನ್ನು ಹೊರಗೆ ಹಾಕಿತು.

ಇದರಿಂದ ಕರಾವಳಿಯವರು ತಿಳಿಯಬೇಕಾದದ್ದೊಂದಿದೆ. ನಮ್ಮಲ್ಲಿ ಕಣ್ಣಿನ ನೋಟ ಸಾಲದು, ಹೆಬ್ಬೆರಳು ಬೇಕು. ಕೊಳ್ಳುವಾಗ ಡಬ್ಬಿಯ ಎರಡೂ ತುದಿಯ ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ತಗಡು ಅಲುಗಬಾರದು, ಸದ್ದು ಬರಬಾರದು. ಉಂಗುರ ಎಳೆದು ತೆಗೆಯುವ ಮುಚ್ಚಳ ತೆಳ್ಳಗಿರುವುದರಿಂದ ಕೂದಲೆಳೆಯಷ್ಟು ಬಾಗಬಹುದು. ಅನುಮಾನ ಬಂದರೆ ಅದೇ ಸಾಲಿನ ಇನ್ನೆರಡು ಡಬ್ಬಿ ಒತ್ತಿ ಹೋಲಿಸಿ ನೋಡಿ.

ಫೋನಿನಲ್ಲಿ ಹೇಳಿದ ಪರೀಕ್ಷೆ

ಮೊದಲು ಹೇಳಿದ್ದು, ಅದನ್ನು ಮತ್ತೆ ಒತ್ತಬೇಡ, ತೆರೆಯಲೂ ಬೇಡ, ಒಂದು ಸ್ಟೀಲ್ ತಾಟಿನಲ್ಲಿಡು ಎಂದು. ಆಮೇಲೆ ಉಳಿದೆರಡು ಡಬ್ಬಿಗಳನ್ನು ಒತ್ತಲು ಹೇಳಿದೆ. ಎರಡೂ ಬಿಗಿಯಾಗಿದ್ದವು. ಇಲ್ಲಿ ನನ್ನ ಬಳಿ ಉಳಿದಿದ್ದ ಮೂರನ್ನೂ ಒತ್ತಿ ನೋಡಿದೆ, ಅವೂ ಬಿಗಿ.

ಈ ಹೋಲಿಕೆಯಿಂದ ಅರ್ಧ ಉತ್ತರ ಸಿಕ್ಕಂತೆ. ಒಂದೇ ಬ್ಯಾಚಿನ ಹಲವು ಡಬ್ಬಿ ಉಬ್ಬಿದ್ದರೆ ಬೇಯಿಸುವುದರಲ್ಲೇ ತಪ್ಪಾಗಿರಬಹುದು. ಅದು ಒಂದು ಮನೆಯ ವಿಷಯವಲ್ಲ, ಅಂಗಡಿಯವರಿಗೂ ಆಹಾರ ಸುರಕ್ಷತಾ ಅಧಿಕಾರಿಗೂ ಆ ದಿನವೇ ತಿಳಿಸಬೇಕು. ಆರರಲ್ಲಿ ಒಂದೇ ಉಬ್ಬಿದ್ದರೆ ಆ ಒಂದರ ತಗಡನ್ನು ಮೊದಲು ಅನುಮಾನಿಸಬೇಕು.

ಅದಕ್ಕೇ ಒಣ ಬಟ್ಟೆಯಿಂದ ಅಂಚು ಒರೆಸಿ, ದೀಪದ ಕೆಳಗೆ ತಿರುಗಿಸುತ್ತ ಉಗುರಿನಿಂದ ಸವರಲು ಹೇಳಿದೆ. ಸುತ್ತ ನಯವಾಗಿ ಹೋಗುತ್ತಿದ್ದ ಉಗುರು ಒಂದು ಕಡೆ ಸಿಕ್ಕಿಕೊಂಡಿತಂತೆ. ಅಲ್ಲಿ ಅಕ್ಕಿಕಾಳಿನಷ್ಟು ಉದ್ದದ ಚೂಪಾದ ನೆಗ್ಗು ಇತ್ತು, ಅದೂ ಅಂಚಿನ ಮೇಲೇ. ರಟ್ಟಿನ ಪೆಟ್ಟಿಗೆಯಲ್ಲಿ ಡಬ್ಬಿಗೆ ಡಬ್ಬಿ ಬಡಿದಾಗ ಆಗುವ ಪೆಟ್ಟು ಅದು. ಹೊಟ್ಟೆಯ ಮೇಲಿನ ದೊಡ್ಡ ನೆಗ್ಗು ದೂರದಿಂದಲೇ ಕಾಣುತ್ತದೆ, ಇಂಥದ್ದನ್ನು ಹುಡುಕಿಯೇ ಕಾಣಬೇಕು.

ಕೊನೆಗೆ ಡಬ್ಬಿಯನ್ನು ತಾಟಿನಲ್ಲೇ ಪತ್ರಿಕೆಯ ಹಾಳೆಯ ಮೇಲೆ ಮಗುಚಿ ಇಡಿಸಿದೆ. ಬೆಳಿಗ್ಗೆ ಕಾಗದದ ಮೇಲೆ ಎಣ್ಣೆಯ ಅರ್ಧಚಂದ್ರ ಮೂಡಿತ್ತು, ಸರಿಯಾಗಿ ಆ ನೆಗ್ಗಿನ ಕೆಳಗೆ. ಎಣ್ಣೆಯಲ್ಲಿಟ್ಟ ಮೀನಿಗೆ ಈ ಕಾಗದದ ಪರೀಕ್ಷೆ ಚೆನ್ನಾಗಿ ಒದಗುತ್ತದೆ. ಕಾಗದ ಒಣಗಿಯೇ ಇದ್ದಿದ್ದರೆ ಡಬ್ಬಿ ಸರಿ ಎಂದು ಮಾತ್ರ ತಿಳಿಯಬಾರದು. ಸೂಕ್ಷ್ಮಜೀವಿ ನುಸುಳುವಷ್ಟು ಸಣ್ಣ ದಾರಿಯಲ್ಲಿ ಎಣ್ಣೆ ಇಳಿಯದೇ ಇರಬಹುದು.

ಕಾಗದ ಏನು ಹೇಳಿದರೂ ಆ ಡಬ್ಬಿಯನ್ನು ತಿನ್ನುವಂತಿರಲಿಲ್ಲ. ಪರೀಕ್ಷೆ ಮಾಡಿಸಿದ್ದು ಉಳಿದ ಐದನ್ನು ಇಟ್ಟುಕೊಳ್ಳಬಹುದೇ ಎಂದು ತಿಳಿಯಲು.

ಟಕ್ ಎನ್ನುವುದಕ್ಕೂ ಗಟ್ಟಿ ಉಬ್ಬಿಗೂ ನಡುವೆ

ಉಬ್ಬು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಮೆಟ್ಟಿಲಲ್ಲಿ ಡಬ್ಬಿ ಚಪ್ಪಟೆಯಾಗೇ ಇರುತ್ತದೆ, ಒಂದು ತುದಿಯನ್ನು ಮೇಜಿಗೆ ಕುಟ್ಟಿದರೆ ಇನ್ನೊಂದು ತುದಿ ಪುಟಿಯುತ್ತದೆ. ಮುಂದಿನದರಲ್ಲಿ ಒಂದು ತುದಿ ಉಬ್ಬಿಯೇ ಇರುತ್ತದೆ, ಅದನ್ನು ಒತ್ತಿದರೆ ಎದುರಿನ ತುದಿ ಹೊರಬರುತ್ತದೆ. ಆಮೇಲೆ ಎರಡೂ ತುದಿ ಉಬ್ಬಿ, ಬೆರಳಿಗೆ ಮೆತ್ತಗೆ ತಗ್ಗಿ, ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತವೆ. ಕಡೆಯದು ಕಲ್ಲಿನಂಥ ಉಬ್ಬು, ಒತ್ತಿದರೂ ಮಿಸುಕದು. ಅಂಥ ಡಬ್ಬಿ ತಾನಾಗಿಯೇ ಸಿಡಿಯಬಹುದು.

ಕೆಳಗಿನ ಮೆಟ್ಟಿಲಿಗೆ ಅಪಾಯವಿಲ್ಲದ ಕಾರಣಗಳೂ ಇವೆ. ಕಂಠಮಟ್ಟ ತುಂಬಿದ್ದರೆ, ಹೊಟ್ಟೆ ಜೋರಾಗಿ ನೆಗ್ಗಿ ಒಳಗಿನ ಜಾಗ ಕಡಿಮೆಯಾಗಿದ್ದರೆ ಮುಚ್ಚಳ ಟಕ್ ಎನ್ನುತ್ತದೆ. ಅನಾನಸು, ಟೊಮೆಟೊದಂಥ ಹುಳಿ ಪದಾರ್ಥ ತಗಡನ್ನು ತಿಂದು ಹೈಡ್ರೋಜನ್ ಅನಿಲ ಹುಟ್ಟಿಸುವುದೂ ಉಂಟು. ಆದರೆ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಅನಿಲ ಬಿಡಲು ಶುರುಮಾಡಿದ ಡಬ್ಬಿಯೂ ಮೊದಲ ದಿನಗಳಲ್ಲಿ ಹೀಗೇ ಟಕ್ ಎನ್ನುತ್ತದೆ. ಹೊರಗೆ ನಿಂತು ಬೆರಳಿನಿಂದ ಇವನ್ನು ಬೇರ್ಪಡಿಸಲು ಸಾಧ್ಯವಿಲ್ಲ, ಆರು ವರ್ಷ ಅದೇ ಕೆಲಸ ಮಾಡಿದ ನನಗೂ ಆಗದು. ಮೀನು, ಕಾಳು, ಬಟಾಣಿ, ಅಣಬೆ ಎಲ್ಲವೂ ಹುಳಿ ಕಡಿಮೆ ಇರುವ ಪದಾರ್ಥಗಳು. ಗಾಳಿಯಿಲ್ಲದ ಡಬ್ಬಿಯಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬೆಳೆದು ವಿಷ ಮಾಡುವುದು ಇಂಥವುಗಳಲ್ಲೇ. ಆ ವಿಷ ಇದ್ದರೂ ರುಚಿ, ವಾಸನೆ ಸರಿಯಾಗೇ ಇರಬಹುದು. ನಾಲಿಗೆ ತುದಿಗೆ ಹಚ್ಚಿ ನೋಡುವ ನಮ್ಮ ಮನೆಗಳ ಅಭ್ಯಾಸ ಇಲ್ಲಿ ಜೀವಕ್ಕೇ ಕುತ್ತು.

ಮೇಜಿನ ಮೇಲೆ ಉಬ್ಬಿದ ಡಬ್ಬಿ ಕಂಡರೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನಾಯಿ ಬೆಕ್ಕು ದನಗಳಿಗೆ ಸಿಗದಂತೆ ವಿಲೇವಾರಿ ಮಾಡಿ. ಬಾವಿ ಕಡೆಗೋ ತೆಂಗಿನ ಬುಡಕ್ಕೋ ಸುರಿಯಬೇಡಿ.

ಅಂಗಡಿಯಲ್ಲಿ: ನೆಗ್ಗು ಮತ್ತು ತುಕ್ಕು

ಹೊಟ್ಟೆಯ ಮೇಲೆ ಅಗಲವಾದ, ಮೇಲುಮೇಲಿನ, ಅಂಚು ಮಡಚದ ನೆಗ್ಗಿದ್ದು ಎರಡೂ ತುದಿ ಬಿಗಿಯಾಗಿದ್ದರೆ ನಾನು ಕೊಳ್ಳುತ್ತೇನೆ. ಬೆರಳು ಮಲಗುವಷ್ಟು ಆಳವಿದ್ದರೆ ಬೇಡ. ಕಾಗದ ಮಡಚಿದಂತೆ ಚೂಪಾದ ಗೆರೆ ಬಿದ್ದಿದ್ದರೂ ಬೇಡ, ಆ ಗೆರೆಯಲ್ಲಿ ತಗಡು ಬಿರಿಯುತ್ತದೆ. ರಾಜ್ಮಾ, ಬೇಬಿ ಕಾರ್ನ್ ಬರುವ ಉದ್ದನೆಯ ಡಬ್ಬಿಗಳ ಪಕ್ಕದಲ್ಲಿ ಮೇಲಿಂದ ಕೆಳಗೆ ಒಂದು ಬೆಸುಗೆಯ ಗೆರೆ ಇರುತ್ತದೆ, ಎಷ್ಟೋ ಸಲ ಲೇಬಲ್ಲಿನ ಅಡಿಯಲ್ಲಿ. ಅದನ್ನು ಬೆರಳಿನಿಂದ ಹುಡುಕಿ. ಅಲ್ಲಿ ಮತ್ತು ಅಂಚಿನಲ್ಲಿ ಎಷ್ಟೇ ಸಣ್ಣ ನೆಗ್ಗಿದ್ದರೂ ವಾಪಸು ಇಡಿ. ಟ್ಯೂನಾದ ಗಿಡ್ಡ ಡಬ್ಬಿಗಳು ಸಾಮಾನ್ಯವಾಗಿ ಒಂದೇ ತಗಡಿನಿಂದ ಬಟ್ಟಲಿನಂತೆ ಒತ್ತಿ ಮಾಡಿದವು, ಅವಕ್ಕೆ ಪಕ್ಕದ ಬೆಸುಗೆ ಇಲ್ಲ. ಅವುಗಳಲ್ಲಿ ನೋಡಬೇಕಾದದ್ದು ಮುಚ್ಚಳದ ಅಂಚು ಮತ್ತು ಉಂಗುರದ ಮೂಗು ತಾಗುವ ಗೀರು. ಅಲ್ಲಿ ತಗಡನ್ನು ಬೇಕೆಂದೇ ತೆಳ್ಳಗೆ ಕೊರೆದಿರುತ್ತಾರೆ.

ತುಕ್ಕು ನಮ್ಮ ಊರಿನ ಕಾಯಿಲೆ. ಕಡಲ ಗಾಳಿಯ ಉಪ್ಪು, ಆಷಾಢದ ಥಂಡಿ ಎರಡೂ ಸೇರಿ ಎರಡೇ ತಿಂಗಳಲ್ಲಿ ಅಂಚು ಕೆಂಪಗಾಗುತ್ತದೆ. ಒಣ ಬಟ್ಟೆಯಿಂದ ಉಜ್ಜಿದಾಗ ಪೂರ್ತಿ ಹೋಗಿ ಕೆಳಗೆ ನಯವಾದ ತಗಡು ಕಂಡರೆ ತೊಂದರೆಯಿಲ್ಲ. ಉಜ್ಜಿದರೂ ಉಳಿದರೆ, ಉಗುರಿಗೆ ಗುಳಿ ಸಿಕ್ಕರೆ, ಹೆಕ್ಕಳೆ ಎದ್ದರೆ ಬಿಟ್ಟುಬಿಡಿ. ಲೇಬಲ್ಲಿನ ಮೇಲೆ ಒಳಗಿನಿಂದ ಕಂದು ಕಲೆ ಹಬ್ಬಿದ್ದರೆ ಪಕ್ಕದ ಡಬ್ಬಿ ಸೋರಿದೆಯೋ ಇದೇ ಸೋರುತ್ತಿದೆಯೋ ಎಂದು ವಿಚಾರಿಸುತ್ತ ಕೂರಬೇಡಿ, ಬೇರೆ ತೆಗೆದುಕೊಳ್ಳಿ.

ತಾರೀಖು ಓದುವುದು

ಭಾರತದಲ್ಲಿ ಮಾರುವ ಡಬ್ಬಿಯ ಮೇಲೆ ತಯಾರಿಸಿದ ಅಥವಾ ತುಂಬಿದ ದಿನಾಂಕ, 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ದಿನಾಂಕ, ಬ್ಯಾಚ್ ಸಂಖ್ಯೆ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇರಲೇಬೇಕು. 'ಬೆಸ್ಟ್ ಬಿಫೋರ್' ಎಂಬುದು ಗುಣಮಟ್ಟದ ಗಡುವು, ಅದೊಂದೇ ಇದ್ದರೆ ಸಾಲದು. ಲೇಬಲ್ಲಿನಲ್ಲಿ ತಾರೀಖು ಸಿಗದಿದ್ದರೆ ಡಬ್ಬಿಯ ತಳ ನೋಡಿ, ಶಾಯಿಯಿಂದ ಸಣ್ಣ ಚುಕ್ಕಿಗಳಲ್ಲಿ ಹೊಡೆದಿರುತ್ತಾರೆ.

ತಲೆ ಕೆಡುವುದು ಹೊರದೇಶದ ಡಬ್ಬಿಗಳಲ್ಲಿ. ಭಟ್ಕಳದ ಅಂಗಡಿಗಳಲ್ಲಿ, ಕೊಲ್ಲಿ ದೇಶದಿಂದ ಬಂದವರ ಪೆಟ್ಟಿಗೆಗಳಲ್ಲಿ ಇವು ನಮ್ಮ ಕರಾವಳಿಗೆ ಬರುತ್ತಲೇ ಇರುತ್ತವೆ. ಕೊಲ್ಲಿಯಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದ ಮಾಲಿನಲ್ಲಿ ತಿಂಗಳು ಮೊದಲು. 04/09/26 ಎಂದಿದ್ದರೆ ಏಪ್ರಿಲ್ 9 ಎಂದೂ ಓದಬಹುದು, ಸೆಪ್ಟೆಂಬರ್ 4 ಎಂದೂ ಓದಬಹುದು. ಆಗ ಅದೇ ಕಂಪನಿಯ ಬೇರೆ ಡಬ್ಬಿಗಳನ್ನು ತಿರುಗಿಸಿ, 12ಕ್ಕಿಂತ ದೊಡ್ಡ ಅಂಕಿ ಮೊದಲಿನ ಜಾಗದಲ್ಲಿದೆಯೋ ನಡುವಿನ ಜಾಗದಲ್ಲಿದೆಯೋ ನೋಡಿ. ಆ ದೊಡ್ಡ ಅಂಕಿ ಇರುವ ಜಾಗವೇ ದಿನದ್ದು. ಅಂಥ ಡಬ್ಬಿ ಸಿಗದಿದ್ದರೆ ಮೊದಲು ಬರುವ ತಾರೀಖನ್ನೇ ಗಡುವೆಂದು ಹಿಡಿಯಿರಿ. ಮುದ್ರಿತ ತಾರೀಖಿನ ಮೇಲೆ ಇನ್ನೊಂದು ತಾರೀಖಿನ ಚೀಟಿ ಅಂಟಿಸಿದ್ದರೆ, ತಳದಲ್ಲಿ ಒಂದು ಪಟ್ಟಿ ಮಾತ್ರ ತಿಕ್ಕಿದಂತೆ ಹೊಳೆಯುತ್ತಿದ್ದರೆ ಆ ಡಬ್ಬಿ ಬೇಡ.

ತಾರೀಖು ಸರಿಯಿದ್ದ ಮಾತ್ರಕ್ಕೆ ಡಬ್ಬಿ ಸರಿಯೆಂದಾಗದು. ನಾದಿನಿಯ ಡಬ್ಬಿಗೆ ಇನ್ನೂ ಒಂದೂವರೆ ವರ್ಷ ಗಡುವಿತ್ತು.

ತೆರೆಯುವ ಹೊತ್ತಿಗೆ

ಇದೊಂದು ಸಣ್ಣ ಪರೀಕ್ಷೆ ನನಗೆ ತುಂಬ ಇಷ್ಟ. ಡಬ್ಬಿ ಹೊರಗಿನಿಂದ ಎಲ್ಲ ರೀತಿಯಲ್ಲೂ ಸರಿಯಿದೆ ಎಂದಾದ ಮೇಲೆ ಮುಚ್ಚಳ ತೊಳೆದು ಒರೆಸಿ, ಓಪನರ್ ಚುಚ್ಚುವ ಕಡೆ ಅರ್ಧ ಚಮಚ ನೀರು ಬಿಡಿ. ಚುಚ್ಚಿದ ಕ್ಷಣದಲ್ಲಿ ನೀರು ಸುರ್ ಎಂದು ಒಳಗೆ ಹೋದರೆ ಎಳೆತ ಉಳಿದಿತ್ತು ಎಂದರ್ಥ. ನೀರಿನಲ್ಲಿ ಗುಳ್ಳೆ ಎದ್ದರೆ ಒಳಗಿನಿಂದ ಅನಿಲ ಬರುತ್ತಿದೆ, ಅಲ್ಲಿಗೇ ನಿಲ್ಲಿಸಿ ಚೀಲಕ್ಕೆ ಹಾಕಿ. ಉಂಗುರದ ಡಬ್ಬಿಯಾದರೆ ಉಂಗುರದ ಮೂಗಿನ ಮುಂದೆ ನೀರು ಬಿಟ್ಟು ಮೆಲ್ಲಗೆ ಎತ್ತಬೇಕು. ನೀರು ಹಾಕದಿದ್ದರೂ ಕಿವಿಗೆ ಸುಸ್ ಎಂಬ ಸದ್ದು ಕೇಳುತ್ತದೆ, ಆದರೆ ಗಾಳಿ ಒಳಗೆ ಹೋಯಿತೋ ಹೊರಗೆ ಬಂತೋ ಎಂದು ಬರಿಯ ಸದ್ದಿನಿಂದ ತಿಳಿಯದು.

ತೆರೆದ ಮೇಲೆ ಹೆದರಿಸುವ, ಆದರೆ ಕೆಡುಕಲ್ಲದ ಎರಡು ಸಂಗತಿಗಳಿವೆ. ಮೀನು, ಬಟಾಣಿ, ಕಾಳಿನ ಡಬ್ಬಿಯ ಒಳಗೋಡೆಯಲ್ಲಿ ಕಪ್ಪು ಅಥವಾ ನೇರಳೆ ಛಾಯೆಯ ಕಲೆ ಕಾಣಬಹುದು. ಪ್ರೋಟೀನಿನ ಗಂಧಕ ತಗಡಿನ ತವರ, ಕಬ್ಬಿಣದೊಂದಿಗೆ ಸೇರಿ ಆಗುವ ಕಲೆ ಅದು. ಇನ್ನೊಂದು ಗಾಜಿನ ಚೂರಿನಂಥ ಹರಳು. ನಮ್ಮಲ್ಲಿ ಊಟಕ್ಕೆ ಬರುವ ಒಬ್ಬರಿಗೆ ಟ್ಯೂನಾದಲ್ಲಿ ಇದು ಸಿಕ್ಕು, ಗಾಜು ಎಂದು ಕೈ ತೊಳೆದು ಎದ್ದೇಬಿಟ್ಟಿದ್ದರು. ಹರಳನ್ನು ಬಟ್ಟಲಿಗೆ ಹಾಕಿ, ವಿನೆಗರ್ ಸುರಿದು, ಸಣ್ಣ ಉರಿಯಲ್ಲಿ ಕೆಲವು ನಿಮಿಷ ಬಿಸಿ ಮಾಡಿ ಅವರೆದುರಿಗೇ ಇಟ್ಟೆ. ಅಂಚು ಮೊಂಡಾಗುತ್ತ, ಸಣ್ಣದಾಗುತ್ತ ಕರಗಿಹೋಯಿತು. ಮೀನಿನಲ್ಲಿರುವ ಮೆಗ್ನೀಸಿಯಂ, ಫಾಸ್ಫೇಟ್ ಮತ್ತು ಅಮೋನಿಯಾ ಸೇರಿ ಕಟ್ಟುವ ಸ್ಟ್ರುವೈಟ್ ಎಂಬ ಲವಣ ಅದು. ಗಾಜು ಕರಗುವುದಿಲ್ಲ. ಕರಗದೆ ಉಳಿದರೆ ಡಬ್ಬಿ ಸಮೇತ ಎತ್ತಿಟ್ಟು ದೂರು ಕೊಡಬೇಕು.

ಹೆದರದೆ ತಿಂದುಬಿಡುವ, ಆದರೆ ನಿಜಕ್ಕೂ ಕೆಟ್ಟಿರುವ ಡಬ್ಬಿಗಳೂ ಉಂಟು. ಬಟಾಣಿ, ಜೋಳ, ಕಾಳುಗಳಲ್ಲಿ ಉಬ್ಬೇ ಇಲ್ಲದೆ ಹುಳಿಯಾಗುವ ದೋಷವೊಂದಿದೆ. ಬೇಯಿಸಿದರೂ ಸಾಯದ, ಬಿಸಿ ಇಷ್ಟಪಡುವ ಕೆಲವು ಬ್ಯಾಕ್ಟೀರಿಯಾಗಳು ಅನಿಲ ಬಿಡದೆ ಆಮ್ಲ ಮಾತ್ರ ಮಾಡುತ್ತವೆ. 40 ಡಿಗ್ರಿ ದಾಟಿದ ಜಾಗದಲ್ಲಿ ಡಬ್ಬಿ ವಾರಗಟ್ಟಲೆ ಕೂತರೆ ಇವು ಎಚ್ಚರಗೊಳ್ಳುತ್ತವೆ. ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗಿನ ಗೋದಾಮು ಅಂಥ ಜಾಗ. ಕಾಳಿನ ನೀರು ಮಂದವಾಗಿ ಕದಡಿರುವುದು ಸಹಜ. ಅದು ಲೋಳೆಯಾಗಿ, ಮೂಗಿಗೆ ಹುಳಿ ವಾಸನೆ ಬಡಿದರೆ ಎಸೆಯಿರಿ.

ಟ್ಯೂನಾ, ಬಂಗಡೆ, ತಾರ್ಲೆಗಳಲ್ಲಿ ಇನ್ನೊಂದು ಅಪಾಯ ಹಿಸ್ಟಮಿನ್. ಡಬ್ಬಿಗೆ ಹೋಗುವ ಮೊದಲೇ ಮೀನನ್ನು ಮಂಜುಗಡ್ಡೆಯಿಲ್ಲದೆ ಬಿಟ್ಟಿದ್ದರೆ ಇದು ಹುಟ್ಟುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ಡಬ್ಬಿಯ ಹೊರಮೈ ಏನನ್ನೂ ತೋರಿಸುವುದಿಲ್ಲ. ತುತ್ತು ಬಾಯಿಗಿಟ್ಟಾಗ ಮೆಣಸಿನಂಥ ಚುರುಕು, ಜುಮುಜುಮು ಆದರೆ ಉಗಿದು ಬಾಯಿ ತೊಳೆಯಿರಿ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರಿ ಮೈ ತುರಿಸುತ್ತದೆ. ಬೊಟುಲಿನಂ ವಿಷ ಹಾಗಲ್ಲ, ಸಾಮಾನ್ಯವಾಗಿ 12ರಿಂದ 36 ಗಂಟೆ ಕಳೆದ ಮೇಲೆ ಕಾಣುತ್ತದೆ: ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲಾಗದಿರುವುದು. ಇದರಲ್ಲಿ ಒಂದು ಕಂಡರೂ ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಹೋಗಿ, ಯಾವ ಡಬ್ಬಿ ತಿಂದಿರೆಂದು ವೈದ್ಯರಿಗೆ ಹೇಳಿ.

ಉಳಿದದ್ದನ್ನು ಡಬ್ಬಿಯಲ್ಲೇ ಬಿಡಬೇಡಿ, ಗಾಳಿ ತಾಗಿದ ತಗಡು ಬೇಗ ಕರಗಿ ಲೋಹದ ರುಚಿ ಕೊಡುತ್ತದೆ. ಸ್ಟೀಲ್ ಅಥವಾ ಗಾಜಿನ ಪಾತ್ರೆಗೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮೀನನ್ನು ನಾನು ಎರಡು ದಿನದೊಳಗೆ, ಕಾಳು ತರಕಾರಿಯನ್ನು ಮೂರು ದಿನದೊಳಗೆ ಮುಗಿಸುತ್ತೇನೆ. ಮಳೆಗೆ ಕರೆಂಟು ಹೋಗಿ ನಾಲ್ಕು ಗಂಟೆ ದಾಟಿದರೆ ತೆರೆದಿಟ್ಟ ಮೀನನ್ನು ಉಳಿಸಿಕೊಳ್ಳುವುದಿಲ್ಲ.

ನಾದಿನಿ ಆ ಡಬ್ಬಿಯ ತಳದ ತಾರೀಖು, ಬ್ಯಾಚ್ ಸಂಖ್ಯೆ, ಅಂಚಿನ ನೆಗ್ಗು, ಎಣ್ಣೆ ಮೂಡಿದ ಕಾಗದ ಎಲ್ಲದರ ಫೋಟೊ ತೆಗೆದು ಕಳಿಸಿದಳು. ನಾನು ಬಿಲ್ಲಿನೊಂದಿಗೆ ಅಂಗಡಿಗೆ ಹೋದೆ. ಅಂಗಡಿಯವರು ಬೇಸರಿಸದೆ ದುಡ್ಡು ವಾಪಸು ಕೊಟ್ಟರು, ಅದೇ ಪೆಟ್ಟಿಗೆಯಲ್ಲಿ ಉಳಿದಿದ್ದ ಡಬ್ಬಿಗಳನ್ನು ಇಬ್ಬರೂ ಕೂತು ಒತ್ತಿ ನೋಡಿದೆವು. ಇನ್ನೂ ಎರಡರ ಅಂಚಿಗೆ ಪೆಟ್ಟು ಬಿದ್ದಿತ್ತು. ಮುಚ್ಚಳ ಬಿಗಿಯಾಗಿದ್ದರೂ ಅವನ್ನು ಅವರು ಮಾರಾಟದಿಂದ ತೆಗೆದಿಟ್ಟರು. ಹಾಗೆ ಒಪ್ಪದ ಅಂಗಡಿಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಆಗ ಕೇಳುವುದು ಈ ಫೋಟೊಗಳನ್ನೂ ಬಿಲ್ಲನ್ನೂ.